ಹಾವು ಹಾಲು ಕುಡಿಯುತ್ತಾ? ಕಣ್ಣು ಮುಚ್ಚಿ ಕೈ ಎತ್ತಿ

(ನಮ್ಮ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರರಿಂದ ಎಂಟನೇ ಕ್ಲಾಸಿನ ಮಕ್ಕಳ ಮುಂದೆ ಮಾತಾಡಿದ್ದು. ಅವತ್ತು ಬರಕ್ಕಾಗದೇ ಇದ್ದೋರು ಬರೆದು ಕೊಡಿ ಅಂದಿದ್ದಕ್ಕೆ, ನೆನಪಿದ್ದಷ್ಟು, ಮಾತಾಡಿದ ಹಾಗೇ ಬರೆದಿದೀನಿ.)

ಎಲ್ಲರೂ ಕೂತ್ಕೊಳ್ಳಿ, ಹಿಂದಿನ ಸಾಲಿನೋರು ಸ್ವಲ್ಪ ಮುಂದೆ ಬನ್ನಿ. ಪ್ರಾಣಿಗಳ ಬಗ್ಗೆ ಕ್ವಿಜ್ ಮಾಡಿ ಅಂತ ಕರೆದಿದ್ರು, ಆದ್ರೆ ಆನೆ, ಬಾವಲಿ, ಊಸರವಳ್ಳಿ ಅಂತ ಎಲ್ಲದರಲ್ಲೂ ಒಂದೊಂದು ಮುಟ್ಟಿ ಹೋದ್ರೆ ಯಾವುದೂ ತಲೇಲಿ ನಿಲ್ಲಲ್ಲ, ಅದಕ್ಕೆ ನಾನು ಇವತ್ತು ಬರೀ ಹಾವು ಹಿಡ್ಕೊಂಡು ಬಂದಿದೀನಿ. ಚೀಲದಲ್ಲಿ ಅಲ್ಲ ಕಣ್ರೋ, ಬಾಯಲ್ಲಿ! ಬ್ಯಾಗ್ ಕಡೆ ನೋಡಬೇಡಿ, ಅದರಲ್ಲಿ ನನ್ನ ಊಟದ ಡಬ್ಬಿ ಇದೆ.

ರೂಲ್ಸ್ ಇಷ್ಟೇ. ನಾನೊಂದು ಮಾತು ಹೇಳ್ತೀನಿ, ನೀವು ಕಣ್ಣು ಮುಚ್ಕೋಬೇಕು, ಸರಿ ಅನ್ನಿಸಿದ್ರೆ ಕೈ ಮೇಲೆತ್ತಿ, ತಪ್ಪು ಅನ್ನಿಸಿದ್ರೆ ಕೈ ತಲೆ ಮೇಲಿಟ್ಕೊಳ್ಳಿ. ಕಣ್ಣು ಯಾಕೆ ಮುಚ್ಕೋಬೇಕು ಅಂದ್ರೆ, ತೆಗೆದಿದ್ರೆ ಎಲ್ಲರೂ ಕ್ಲಾಸ್ ಲೀಡರ್ ಕೈ ನೋಡ್ತೀರ, ನಂಗೆ ಗೊತ್ತು.

ಮೊದಲನೇದು. "ಹಾವು ಹಾಲು ಕುಡಿಯುತ್ತೆ." ಸರಿನಾ ತಪ್ಪಾ?

(ಅರ್ಧಕ್ಕಿಂತ ಜಾಸ್ತಿ ಕೈ ಮೇಲೆ. ಬಾಗಿಲ ಹತ್ರ ನಿಂತಿದ್ದ ಅಡುಗೆ ಅಕ್ಕನ ಕೈ ಕೂಡ.)

ಸರಿ, ಕೈ ಇಳಿಸಿ. ಯಾಕೆ ಸರಿ ಅಂದೆ ಅಂತ ಒಬ್ಬ ಹುಡುಗನ್ನ ಕೇಳಿದೆ, "ಸರ್, ನಾನೇ ನೋಡಿದೀನಿ, ನಾಗರ ಪಂಚಮಿ ದಿನ ಹಾವಾಡಿಗ ಬುಟ್ಟಿ ತೆಗ್ದ, ಹಾವು ಬಟ್ಟಲಲ್ಲಿ ಬಾಯಿಟ್ಟು ಕುಡೀತು" ಅಂದ. ಅವನು ಸುಳ್ಳು ಹೇಳ್ತಿಲ್ಲ, ನಿಜವಾಗ್ಲೂ ನೋಡಿದಾನೆ. ಆದ್ರೆ ಅದರ ಹಿಂದಿನ ದಿನ ಏನಾಯ್ತು, ಹಿಂದಿನ ವಾರ ಏನಾಯ್ತು ಅನ್ನೋದನ್ನ ಅವನು ನೋಡಿಲ್ಲ. ಹಬ್ಬಕ್ಕೆ ಎಷ್ಟೋ ದಿನ ಮುಂಚೆನೇ ಹಾವು ಹಿಡಿದು, ವಿಷದ ಹಲ್ಲು ಕಿತ್ತು, ಕೆಲವು ಕಡೆ ಬಾಯಿ ಕೂಡ ಹೊಲಿದು, ಒಂದು ತೊಟ್ಟು ನೀರು ಕೊಡದೇ ಬುಟ್ಟಿಯಲ್ಲಿ ಮುಚ್ಚಿಡ್ತಾರೆ. ಹಬ್ಬದ ದಿನ ಅದಕ್ಕೆ ಬಾಯಾರಿ ಜೀವ ಹೋಗ್ತಿರುತ್ತೆ, ಮುಂದೆ ಏನೇ ಒದ್ದೆ ವಸ್ತು ಇಟ್ರೂ ಬಾಯಿ ಹಾಕುತ್ತೆ. ಅದು ಹಾಲು ಕುಡೀತಿರೋದಲ್ಲ, ನೀರಿಗೆ ಸಾಯ್ತಿರೋದು.

ಆಮೇಲೆ ಏನಾಗುತ್ತೆ? ಹಾಲು ಕೊಡೋದು ಸಸ್ತನಿಗಳು ಮಾತ್ರ, ಹಾವು ಮೊಟ್ಟೆಯಿಂದ ಬಂದ್ರೂ ಅಷ್ಟೇ, ಮಂಡಲದ ಹಾವಿನ ಥರ ನೇರ ಮರಿಯಾಗಿ ಬಂದ್ರೂ ಅಷ್ಟೇ, ಅಮ್ಮನ ಹಾಲು ಅಂತ ಒಂದು ದಿನವೂ ಕುಡಿದಿರಲ್ಲ, ಹಾಗಾಗಿ ಅದರ ಹೊಟ್ಟೆಗೆ ಹಾಲನ್ನ ಅರಗಿಸೋ ಏರ್ಪಾಡೇ ಇಲ್ಲ. ಜೊತೆಗೆ ಬಲವಂತವಾಗಿ ಮೂತಿ ಅದ್ದಿದಾಗ ಹಾಲು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತೆ. ಹಬ್ಬ ಮುಗಿದ ಮೇಲೆ ಎಷ್ಟೋ ಹಾವು ಹಿಂಗೇ ಸಾಯ್ತವೆ, ನೀವು ಅಷ್ಟೊತ್ತಿಗೆ ತಂಬಿಟ್ಟು ತಿಂದು ಮಲಗಿರ್ತೀರ.

ಇದಕ್ಕೊಂದು ಪಾರ್ಟ್ ಬಿ ಇದೆ. ಕೇರೆಹಾವು ರಾತ್ರಿ ಕೊಟ್ಟಿಗೆಗೆ ಬಂದು ಹಸುವಿನ ಕಾಲಿಗೆ ಸುತ್ತಿ ಕೆಚ್ಚಲಿಂದ ಹಾಲು ಕುಡಿಯುತ್ತೆ ಅಂತ ಕೇಳಿದೀರ ಅಲ್ವಾ? ಇದನ್ನ ಇಲ್ಲೇ ಪರೀಕ್ಷೆ ಮಾಡೋಣ, ಹಾವು ಬೇಡ, ಸ್ಟ್ರಾ ಸಾಕು. ಯಾರಾದ್ರೂ ಇಬ್ಬರು ಬನ್ನಿ. ಎರಡೂ ಕೈಯಿಂದ ನಿಮ್ಮ ತುಟಿಯನ್ನ ಅಗಲಿಸಿ ಹಿಡ್ಕೊಳ್ಳಿ, ಈಗ ಹಲ್ಲಲ್ಲಿ ಸ್ಟ್ರಾ ಕಚ್ಕೊಂಡು ನೀರು ಎಳೀರಿ.

(ಜೊಲ್ಲು ಸುರೀತು, ನೀರು ಬರಲಿಲ್ಲ. ಎಲ್ಲರೂ ಬಿದ್ದು ಬಿದ್ದು ನಕ್ಕರು, ಅಡುಗೆ ಅಕ್ಕ ಸಹ.)

ನೋಡಿದ್ರಾ. ಚೀಪೋಕೆ ಮೆತ್ತಗಿನ ತುಟಿ ಬೇಕು, ಕೆನ್ನೆ ಬೇಕು. ಹಾವಿಗೆ ಎರಡೂ ಇಲ್ಲ. ಇರೋದು ಒಳಗಡೆಗೆ ಬಾಗಿರೋ ಸೂಜಿ ಥರದ ಹಲ್ಲುಗಳು, ಕಚ್ಚಿದ್ದು ಜಾರಿ ಹೊರಗೆ ಬರಬಾರದು ಅಂತ ಇರೋವು. ಅಂಥ ಬಾಯಲ್ಲಿ ಮೊಲೆ ಹಿಡಿದ್ರೆ ನಿಮ್ಮನೆ ಗೌರಿ ಸುಮ್ನೆ ನಿಲ್ತಾಳಾ? ಕಾಲು ಝಾಡಿಸಿ ಒದೀತಾಳೆ. ಮತ್ತೆ ಕೇರೆಹಾವು ಕೊಟ್ಟಿಗೆಗೆ ಯಾಕೆ ಬರುತ್ತೆ ಅಂದ್ರೆ ಬೂಸಾ, ಹಿಂಡಿ ಇರೋ ಕಡೆ ಇಲಿ ಇರ್ತವೆ, ಇಲಿ ಇರೋ ಕಡೆ ಕೇರೆ ಬರುತ್ತೆ, ಅಷ್ಟೇ ಲೆಕ್ಕ. ಬೆಳಿಗ್ಗೆ ಹಾಲು ಕಮ್ಮಿ ಬಂತು ಅಂದ್ರೆ ಬೈಯೋಕೆ ಯಾರಾದ್ರೂ ಬೇಕಲ್ಲ, ಕಣ್ಣಿಗೆ ಬಿದ್ದದ್ದು ಪಾಪದ ಕೇರೆ.

ಇಲ್ಲಿ ಏಳನೇ ಕ್ಲಾಸಿನ ಹುಡುಗಿ ಒಬ್ಬಳು ಎದ್ದು ನಿಂತು, "ಹಂಗಾದ್ರೆ ಸರ್, ನಾವು ಹುತ್ತಕ್ಕೆ ಹಾಲೆರೆಯೋದೂ ತಪ್ಪಾ?" ಅಂದಳು. ಇದು ಒಳ್ಳೆ ಪ್ರಶ್ನೆ, ಮೇಷ್ಟ್ರುಗಳೂ ನನ್ನ ಮುಖ ನೋಡಿದ್ರು. ನಾನು ಹೇಳಿದ್ದು ಇಷ್ಟು: ಅರಳಿಕಟ್ಟೆ ಮೇಲೆ ನಾಗರಕಲ್ಲು ಇದೆ, ಅದಕ್ಕೆ ಹಾಲೆರೀರಿ, ಕಲ್ಲಿಗೆ ನ್ಯುಮೋನಿಯಾ ಬರಲ್ಲ. ಪೂಜೆ ನಿಮ್ಮ ಮನೆ ವಿಷಯ, ನಾನು ಮಾತಾಡ್ತಿರೋದು ಬುಟ್ಟಿಯಲ್ಲಿರೋ ಹಾವಿನ ವಿಷಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಾಗರಹಾವು ಹಿಡಿದು ಬುಟ್ಟಿಯಲ್ಲಿ ಇಟ್ಕೊಂಡು ಆಡಿಸೋದು ಅಪರಾಧ, ಅದನ್ನೂ ಸೇರಿಸಿ ಹೇಳಿದೆ.

ಎರಡನೇದು. "ಹಾವು ಪುಂಗಿ ನಾದಕ್ಕೆ ತಲೆದೂಗುತ್ತೆ."

ಇದಕ್ಕೆ ತಲೆ ಮೇಲೆ ಕೈ ಇಟ್ಟೋರೇ ಜಾಸ್ತಿ, ಯಾಕಂದ್ರೆ ಇದನ್ನ ನಿಮ್ಮ ಸೈನ್ಸ್ ಮೇಡಂ ಹೇಳಿಬಿಟ್ಟಿದಾರೆ. ಹೌದು, ತಪ್ಪು. ಹಾವು ನೋಡ್ತಿರೋದು ಪುಂಗಿಯ ತುದಿನ, ಅಲ್ಲಾಡೋ ಮೊಣಕಾಲನ್ನ. ಹೆದರಿರೋ ನಾಗರ ಹೆಡೆ ಎತ್ತಿ, ಎದುರಿಗೆ ಏನು ಅಲ್ಲಾಡುತ್ತೋ ಅದರ ಕಡೆ ತಿರುಗ್ತಾ ಇರುತ್ತೆ, ಎಲ್ಲಿ ಹೊಡೀತಾನೋ ಅಂತ. ಪುಂಗಿ ಊದದೇ ಸುಮ್ನೆ ಮುಷ್ಟಿ ಆಡಿಸಿದ್ರೂ ಅಷ್ಟೇ ಮಾಡುತ್ತೆ.

ಈಗ ಅದರ ಬೆನ್ನಿಗೇ ಮೂರನೇದು, ಕಣ್ಣು ಮುಚ್ಚಿ. "ಹಾವಿಗೆ ಕಿವಿ ಇಲ್ಲ, ಅದಕ್ಕೆ ಗಾಳಿಯಲ್ಲಿ ಬರೋ ಶಬ್ದ ಏನೂ ಕೇಳಿಸಲ್ಲ."

(ಎಲ್ಲರ ಕೈ ಮೇಲೆ. ಮೇಡಂ ಕೈ ಸಹ.)

ಎಲ್ಲರೂ ಔಟ್!

ಬೇಜಾರಾಗಬೇಡಿ, ಇದನ್ನ ಎಷ್ಟೋ ವರ್ಷ ನಾನೂ ಇಂಥದ್ದೇ ಶಾಲೆಗಳಲ್ಲಿ ನಿಂತು ಧೈರ್ಯವಾಗಿ ತಪ್ಪು ಹೇಳಿದೀನಿ. ಹೊರಕಿವಿ ಇಲ್ಲ, ತಮಟೆ ಇಲ್ಲ, ಅದು ನಿಜ. ಆದ್ರೆ ಒಳಕಿವಿ ಇದೆ, ಅದಕ್ಕೆ ಒಂದು ಸಣ್ಣ ಎಲುಬು ಇದೆ, ಆ ಎಲುಬಿನ ಇನ್ನೊಂದು ತುದಿ ದವಡೆ ಕಡೆ ಸೇರ್ಕೊಂಡಿದೆ. ಹಾವು ನೆಲಕ್ಕೆ ದವಡೆ ಇಟ್ಟು ಮಲಗಿದ್ರೆ ನಿಮ್ಮ ಹೆಜ್ಜೆಯ ಅದುರು ಅಲ್ಲಿಂದ ಹತ್ತಿ ಕಿವಿಗೆ ಹೋಗುತ್ತೆ. ಅನುಮಾನ ಇದ್ರೆ ಮನೆಗೆ ಹೋಗಿ ಅಪ್ಪನ ಮೊಬೈಲ್ ವೈಬ್ರೇಷನ್ನಿಗೆ ಹಾಕಿ, ಎರಡೂ ಕಿವಿ ಗಟ್ಟಿಯಾಗಿ ಮುಚ್ಕೊಂಡು, ತಮ್ಮನ ಕೈಲಿ ಅದನ್ನ ನಿಮ್ಮ ಗಲ್ಲಕ್ಕೆ ಒತ್ತಿಸ್ಕೊಳ್ಳಿ. ಗುಂಯ್ ಅಂತ ತಲೆಯೊಳಗೇ ಕೇಳುತ್ತೆ, ಅದು ಎಲುಬಿನ ದಾರೀಲಿ ಬಂದ ಶಬ್ದ.

ಸರಿ, ಅದು ನೆಲದ್ದಾಯ್ತು, ಗಾಳಿಯಲ್ಲಿ ಬರೋದು? ಆಸ್ಟ್ರೇಲಿಯಾದಲ್ಲಿ ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟಿಯೋರು 19 ಹಾವುಗಳನ್ನ ಒಂದೊಂದಾಗಿ ಹೊರಗಿನ ಸದ್ದು ಬರದ ರೂಮಲ್ಲಿ ಬಿಟ್ಟು, ಸ್ಪೀಕರಲ್ಲಿ ಶಬ್ದ ಹಾಕಿ ನೋಡಿದ್ರು, 2023ರಲ್ಲಿ ಅದು ಪ್ರಕಟ ಆಯ್ತು. ಅವರ ಜಾಣತನ ಎಲ್ಲಿದೆ ಅಂದ್ರೆ, ಹಾಕಿದ ಶಬ್ದಗಳಲ್ಲಿ ಒಂದು ಥರದ್ದು ನೆಲವನ್ನೂ ಅದುರಿಸೋದು, ಉಳಿದವು ಗಾಳಿಯಲ್ಲಿ ಮಾತ್ರ ಹೋಗೋವು. ನೆಲ ಅದುರದೇ ಇದ್ದಾಗಲೂ ಹಾವುಗಳು ಅಲ್ಲಾಡಿದ್ವು. ಒಂದು ಜಾತಿಯ ಹೆಬ್ಬಾವು ಶಬ್ದದ ಕಡೆಗೇ ಹೊರಟಿತು, ವಿಷದ ಹಾವುಗಳಲ್ಲಿ ಹೆಚ್ಚಿನವು ಶಬ್ದದಿಂದ ದೂರ ಸರಿದ್ವು. ಆದ್ರೆ ಅವಕ್ಕೆ ಕೇಳೋದು ಮಂದ್ರ ಶಬ್ದ ಮಾತ್ರ, ನಾವು ಜೋರಾಗಿ ಕೂಗಿದ್ರೆ ನಮ್ಮ ದನಿ ಸ್ವಲ್ಪ ಮಟ್ಟಿಗೆ ಹೋಗುತ್ತೆ, ಸ್ಪಷ್ಟವಾಗಿ ಅಲ್ಲ. ಅಂದ್ರೆ ಪುಂಗಿಗೆ ತಲೆದೂಗುತ್ತೆ ಅನ್ನೋದೂ ತಪ್ಪು, ಅದನ್ನ ಸುಳ್ಳು ಮಾಡೋಕೆ ನಾವು ಹೇಳ್ತಿದ್ದ "ಹಾವು ಕಿವುಡು" ಅನ್ನೋದೂ ತಪ್ಪು.

ಎರಡು ತಲೆ ಹಾವಿನದ್ದು ಕ್ವಿಜ್ಜಿಗೆ ಹಾಕಿರಲಿಲ್ಲ, ಆದ್ರೆ ಒಬ್ಬ ಕೇಳೇಬಿಟ್ಟ, ಆರು ತಿಂಗಳು ಒಂದು ತಲೆ, ಆರು ತಿಂಗಳು ಇನ್ನೊಂದು ತಲೆ ಕೆಲಸ ಮಾಡುತ್ತಂತೆ ಹೌದಾ ಅಂತ. ಅದು ಮಣ್ಣುಮುಕ್ಕ ಹಾವು, ವಿಷ ಇಲ್ಲ, ಬಾಲ ಮೊಂಡು. ಹೆದರಿದಾಗ ತಲೆನ ಸುರುಳಿಯ ಕೆಳಗೆ ಬಚ್ಚಿಟ್ಟು ಬಾಲ ಎತ್ತುತ್ತೆ, ಕಚ್ಚೋನು ಬಾಲ ಕಚ್ಚಲಿ ಅಂತ. ಯಾವ ಕಡೆಯಿಂದ ನಾಲಿಗೆ ಹೊರಗೆ ಬರುತ್ತೋ ಅದೇ ತಲೆ, ಸುಮ್ನೆ ದೂರ ನಿಂತು ಐದು ನಿಮಿಷ ನೋಡಿದ್ರೆ ಗೊತ್ತಾಗುತ್ತೆ. ಇದನ್ನ ಲಕ್ಷಗಟ್ಟಲೆ ದುಡ್ಡಿಗೆ ಮಾರ್ತೀವಿ ಅಂತ ಹೋಗಿ ಪೊಲೀಸ್ ಕೈಗೆ ಸಿಕ್ಕೋರ ಸುದ್ದಿ ಪೇಪರಲ್ಲಿ ಬರ್ತಾನೇ ಇರುತ್ತೆ, ಬಾಲದ ಮೇಲೆ ಸುಟ್ಟು ಕಣ್ಣು ಬಾಯಿ ಥರ ಗುರುತು ಮಾಡೋ ಕಟುಕರೂ ಇದಾರೆ.

ನಾಲ್ಕನೇದು. "ತಾನೇ ಗೂಡು ಕಟ್ಟೋ ಹಾವು ಇದೆ."

ಎಲ್ಲರೂ ತಲೆ ಮೇಲೆ ಕೈ ಇಟ್ರಿ. ಗೆದ್ದಲು ಕಷ್ಟಪಟ್ಟು ಹುತ್ತ ಕಟ್ಟಿದ್ರೆ ಹಾವು ಬಂದು ಸೇರ್ಕೊಳ್ಳುತ್ತೆ ಅಂತ ಗಾದೆನೇ ಇರುವಾಗ ಗೂಡು ಕಟ್ಟೋ ಹಾವು ಎಲ್ಲಿಂದ ಬಂತು ಅಂತ ತಾನೇ? ಆದ್ರೆ ಇದು ಸರಿ! ಕಾಳಿಂಗ ಸರ್ಪ. ಬೇಸಿಗೆಯಲ್ಲಿ ಹೆಣ್ಣು ಕಾಳಿಂಗ ಮೈಯನ್ನೇ ಬಾಗಿಸಿ ಕೊಕ್ಕೆ ಥರ ಮಾಡ್ಕೊಂಡು, ಕಾಡಿನ ನೆಲದ ತರಗೆಲೆಗಳನ್ನ ಎಳೆದು ಎಳೆದು ಗುಡ್ಡೆ ಹಾಕುತ್ತೆ. ಕೈ ಇಲ್ಲ, ಕಾಲಿಲ್ಲ, ನೀವು ಕೈ ಕಟ್ಕೊಂಡು ಅಂಗಳ ಗುಡಿಸಿ ನೋಡಿ ಎಷ್ಟು ಕಷ್ಟ ಅಂತ. ಗುಡ್ಡೆ ಒಳಗೆ ಇಪ್ಪತ್ತು ಮೂವತ್ತು ಮೊಟ್ಟೆ ಇಟ್ಟು ಮೇಲೆ ಎಲೆ ಮುಚ್ಚಿ ಕಾವಲು ಕೂರುತ್ತೆ. ಮಲೆನಾಡಿನ ಮಳೆ ಸುರಿದ್ರೂ ಮೇಲಿನ ಎಲೆ ನೀರನ್ನ ಜಾರಿಸಿಬಿಡುತ್ತೆ, ಒಳಗಿನ ಎಲೆ ಕೊಳೀತಾ ಕೊಳೀತಾ ಬೆಚ್ಚಗಿರುತ್ತೆ, ನಿಮ್ಮನೆ ತಿಪ್ಪೆಗುಂಡಿ ಒಳಗೆ ಕೈ ಇಟ್ರೆ ಬಿಸಿ ಇರುತ್ತಲ್ಲ ಹಂಗೆ. ಮರಿ ಹೊರಗೆ ಬರೋ ಮುಂಚೆನೇ ತಾಯಿ ಹೊರಟು ಹೋಗುತ್ತೆ.

ಆಗುಂಬೆಯಲ್ಲಿ 2005ರಿಂದ ಮಳೆಕಾಡು ಸಂಶೋಧನಾ ಕೇಂದ್ರ ಇದೆ, ರೋಮುಲಸ್ ವಿಟೇಕರ್ ಶುರು ಮಾಡಿದ್ದು, ಕಾಳಿಂಗದ ಬದುಕನ್ನ ಅಲ್ಲಿ ಹತ್ತಿರದಿಂದ ನೋಡಿ ಬರೆದಿಟ್ಟಿದಾರೆ. ಇನ್ನೊಂದು ಖುಷಿ ವಿಷಯ ಕೇಳಿ. ಇಷ್ಟು ದಿನ ಎಲ್ಲ ಕಾಳಿಂಗಗಳೂ ಒಂದೇ ಜಾತಿ ಅಂತಿದ್ರು, 2024ರಲ್ಲಿ ಅದು ನಾಲ್ಕು ಜಾತಿ ಅಂತ ತೋರಿಸಿದ್ರು, ಅದರಲ್ಲಿ ನಮ್ಮ ಪಶ್ಚಿಮ ಘಟ್ಟದ್ದಕ್ಕೆ ಇಟ್ಟ ವೈಜ್ಞಾನಿಕ ಹೆಸರು ಓಫಿಯೋಫಾಗಸ್ ಕಾಳಿಂಗ. ನಮ್ಮ ಅಜ್ಜಿ ಕರೀತಿದ್ದ ಹೆಸರನ್ನೇ ಈಗ ಇಡೀ ಪ್ರಪಂಚದ ವಿಜ್ಞಾನಿಗಳು ಬರೀಬೇಕು!

ಕೊನೇದು, ಇದಕ್ಕೆ ನಾನು ಸ್ವಲ್ಪ ಜಾಸ್ತಿ ಟೈಮ್ ತಗೋತೀನಿ, ಬೆಲ್ ಹೊಡೆದ್ರೂ ಏಳಬೇಡಿ. "ವಿಷದ ಹಾವು ಕಚ್ಚಿದ್ರೆ ನೋವಾಗೇ ಆಗುತ್ತೆ, ಕಚ್ಚಿದ್ದು ಗೊತ್ತಾಗೇ ಆಗುತ್ತೆ."

ಎಲ್ಲರೂ ಸರಿ ಅಂದ್ರಿ. ತಪ್ಪು, ಮತ್ತೆ ಜೀವ ತೆಗೆಯೋ ತಪ್ಪು. ಕೊಳಕುಮಂಡಲ ಕಚ್ಚಿದ್ರೆ ಹೌದು, ಉರಿ, ಊತ, ಕಿರುಚ್ಕೋತೀರ. ಆದ್ರೆ ಕಟ್ಟುಹಾವು, ಕಪ್ಪು ಮೈ, ಮೇಲೆ ತೆಳ್ಳಗೆ ಬಿಳಿ ಪಟ್ಟೆ, ಕೆಲವರು ಕಡಂಬಳ ಅಂತಾರೆ, ಅದರದ್ದು ಬೇರೆ ಕತೆ. ಅದು ಓಡಾಡೋದು ರಾತ್ರಿ, ಮನೆಯೊಳಗೂ ಬರುತ್ತೆ, ನೆಲದ ಮೇಲೆ ಮಲಗಿರೋರು ನಿದ್ದೇಲಿ ಹೊರಳಿದಾಗ ಕಚ್ಚುತ್ತೆ, ಹಲ್ಲು ಎಷ್ಟು ಸಣ್ಣ ಅಂದ್ರೆ ಸೊಳ್ಳೆ ಕಚ್ಚಿದಷ್ಟೂ ಗೊತ್ತಾಗದೇ ಇರಬಹುದು, ಗುರುತೂ ಕಾಣಲ್ಲ.

ಹೆಂಗೆ ನಡೆಯುತ್ತೆ ಅಂತ ಹೇಳ್ತೀನಿ. ಬೆಳಗಿನ ಜಾವ ಮೂರು ಗಂಟೆಗೆ ಹುಡುಗ ಎದ್ದು ಹೊಟ್ಟೆ ನೋವು ಅಂತಾನೆ. ಅಮ್ಮ ಓಮದ ನೀರು ಕೊಡ್ತಾಳೆ, ರಾತ್ರಿ ತಿಂದದ್ದು ಅರಗಿಲ್ಲ, ಗ್ಯಾಸ್ಟ್ರಿಕ್ ಅಂತಾರೆ. ನಾಲ್ಕೂವರೆಗೆ ನೀರು ನುಂಗಕ್ಕಾಗ್ತಿಲ್ಲ ಅಂತಾನೆ, ಮಾತು ತೊದಲುತ್ತೆ. ರೆಪ್ಪೆ ಜೋತು ಬೀಳುತ್ತೆ, ಕಣ್ಣು ಬಿಡು ಅಂದ್ರೆ ಬಿಡಕ್ಕಾಗಲ್ಲ, ಮನೆಯೋರು ನಿದ್ದೆಗಣ್ಣು ಅನ್ಕೋತಾರೆ. ಆಮೇಲೆ ಉಸಿರಾಡಿಸೋ ಸ್ನಾಯುಗಳೂ ಸೋಲ್ತವೆ, ಯಾಕಂದ್ರೆ ಈ ವಿಷ ನರದಿಂದ ಸ್ನಾಯುವಿಗೆ ಹೋಗೋ ಸಂದೇಶವನ್ನೇ ಕತ್ತರಿಸುತ್ತೆ. ಹಾಗಾಗಿ ನೆಲದ ಮೇಲೆ ಮಲಗಿದ್ದೋರು ಬೆಳಗಿನ ಜಾವ ಹೊಟ್ಟೆನೋವು ಅಂದು, ಜೊತೆಗೆ ರೆಪ್ಪೆ ಬಿದ್ರೆ, ಗಾಯ ಕಾಣದೇ ಇದ್ರೂ ಹಾವು ಅಂತಲೇ ತಿಳ್ಕೊಂಡು 108ಕ್ಕೆ ಫೋನ್ ಮಾಡಬೇಕು. ಆಸ್ಪತ್ರೆಯಲ್ಲಿ ವಿಷನಿರೋಧಕ ಔಷಧ ಕೊಟ್ಟು, ಬೇಕಾದ್ರೆ ವೆಂಟಿಲೇಟರ್ ಹಾಕಿ ಉಸಿರಾಡಿಸ್ತಾರೆ, ಅಲುಗಾಡದೇ ಹೆಣದ ಥರ ಬಿದ್ದಿದ್ದೋರು ಎದ್ದು ಮನೆಗೆ ನಡ್ಕೊಂಡು ಬಂದಿದಾರೆ.

ಆಗ ಎಂಟನೇ ಕ್ಲಾಸಿನ ಹುಡುಗ ಹೇಳಿದ, "ಸರ್, ನಮ್ಮೂರಲ್ಲಿ ಒಬ್ಬರು ಮಂತ್ರ ಹಾಕ್ತಾರೆ, ನಮ್ಮ ಮಾವಂಗೆ ಹಾವು ಕಚ್ಚಿತ್ತು, ಅವರ ಹತ್ರ ಹೋಗಿ ಬದುಕಿದ್ರು." ನಾನು ಅವನನ್ನೇ ಮುಂದೆ ಕರೆದು ಮಂತ್ರವಾದಿ ಮಾಡಿದೆ, ಮಂತ್ರ ಏನು ಅಂದ್ರೆ ಎರಡರ ಮಗ್ಗಿ. ಹತ್ತು ಮಕ್ಕಳಿಗೆ ಚೀಟಿ ಕೊಟ್ಟೆ, ಇವರೆಲ್ಲ ಹಾವು ಕಚ್ಚಿಸ್ಕೊಂಡು ಬಂದೋರು. ಲೆಕ್ಕಕ್ಕೆ ಅಂತ ನಾನೇ ಹೀಗೆ ಬರ್ಕೊಂಡು ಹೋಗಿದ್ದೆ: ಆರು ಚೀಟಿಯಲ್ಲಿ ಕೇರೆ, ನೀರುಹಾವು, ಮಣ್ಣುಮುಕ್ಕ, ಅಂದ್ರೆ ವಿಷ ಇಲ್ಲದೋವು. ಎರಡರಲ್ಲಿ ನಾಗರ, ಆದ್ರೆ ವಿಷ ಬಿಡದೇ ಬರೀ ಕಚ್ಚಿದ್ದು, ಹಂಗೂ ಆಗುತ್ತೆ, ವಿಷದ ಹಾವು ಪ್ರತಿ ಸಲ ವಿಷ ಬಿಡಲ್ಲ. ಎರಡರಲ್ಲಿ ಮಾತ್ರ ನಿಜವಾದ ವಿಷ. ಹುಡುಗ ಒಬ್ಬೊಬ್ಬರ ತಲೆ ಮೇಲೂ ಕೈ ಇಟ್ಟು ಎರಡೊಂದ್ಲ ಎರಡು ಅಂದ. ಚೀಟಿ ಬಿಚ್ಚಿದಾಗ ಎಂಟು ಜನ ಬದುಕಿದ್ರು. ನೂರಕ್ಕೆ ಎಂಬತ್ತು ಮಾರ್ಕ್ಸ್, ಎರಡರ ಮಗ್ಗಿಗೆ! ಆ ಎಂಟು ಜನ ಜೀವಮಾನ ಪೂರ್ತಿ ಅವನ ಹೆಸರು ಹೇಳ್ತಾರೆ. ಉಳಿದ ಇಬ್ಬರ ಮನೆಯೋರು ಏನಂತಾರೆ? ತಡವಾಗಿ ಕರ್ಕೊಂಡು ಹೋದ್ವಿ, ಆಯಸ್ಸು ಮುಗಿದಿತ್ತು ಅಂತಾರೆ, ಮಗ್ಗಿನ ಯಾರೂ ಬೈಯಲ್ಲ. ನಿನ್ನ ಮಾವ ಬದುಕಿದ್ದು ನಿಜ ಕಣಪ್ಪ, ಆದ್ರೆ ಅವರ ಚೀಟಿಯಲ್ಲಿ ಏನು ಬರೆದಿತ್ತು ಅಂತ ಯಾರಿಗೆ ಗೊತ್ತು?

ಆಸ್ಪತ್ರೆಯಲ್ಲಿ ಆ ಚೀಟಿನ ಬಿಚ್ಚಿ ನೋಡೋ ದಾರಿ ಇದೆ. ಎರಡು ಎಂಎಲ್ ರಕ್ತ ತಗೊಂಡು ಒಣಗಿದ, ಶುಭ್ರವಾದ ಗಾಜಿನ ಟ್ಯೂಬಿಗೆ ಹಾಕಿ ಅಲ್ಲಾಡಿಸದೇ 20 ನಿಮಿಷ ಬಿಡ್ತಾರೆ. ಆಮೇಲೆ ಓರೆ ಮಾಡಿದಾಗ ಹೆಪ್ಪುಗಟ್ಟಿದ್ರೆ ಸದ್ಯಕ್ಕೆ ಪರವಾಗಿಲ್ಲ, ನೀರಿನ ಥರ ಹರಿದ್ರೆ ಮಂಡಲದ ವಿಷ ಒಳಗೆ ಹೋಗಿದೆ ಅಂತ. ಕಟ್ಟುಹಾವಿನ ವಿಷ ಇದರಲ್ಲಿ ಗೊತ್ತಾಗಲ್ಲ, ಅದಕ್ಕೆ ರೆಪ್ಪೆ, ಉಸಿರು ನೋಡ್ತಾರೆ. ಅದಕ್ಕೇ ಒಂದು ಸಲ ನೋಡಿ ಏನೂ ಇಲ್ಲ ಅಂತ ಕಳಿಸಲ್ಲ, ಒಂದು ದಿನವಾದ್ರೂ ಇಟ್ಕೋತಾರೆ, ನೀವು ಜಗಳ ಮಾಡಿ ಡಿಸ್ಚಾರ್ಜ್ ಮಾಡಿಸ್ಕೋಬಾರದು. ಹಾವು ಯಾವುದು ಅಂತ ತೋರಿಸೋಕೆ ಹೊಡೆದು ಕವರಲ್ಲಿ ತರೋದೂ ಬೇಡ, ಇಲ್ಲಿ ಕೊಡೋ ಔಷಧ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ. ಕರ್ನಾಟಕದಲ್ಲಿ 2024ರಿಂದ ಹಾವು ಕಚ್ಚಿದ ಪ್ರತಿ ಕೇಸನ್ನೂ ಆಸ್ಪತ್ರೆಯೋರು ಸರ್ಕಾರಕ್ಕೆ ವರದಿ ಮಾಡಲೇಬೇಕು.

ಅಲ್ಲಿಗೆ ಹೋಗೋ ತನಕ ಮಾಡೋದು ಕಮ್ಮಿ, ಮಾಡಬಾರದ್ದೇ ಜಾಸ್ತಿ. ಹಗ್ಗ ಬಿಗಿಯಾಗಿ ಕಟ್ಟಬೇಡಿ, ರಕ್ತ ಓಡದೇ ಕೈಕಾಲೇ ಹೋಗಬಹುದು. ಕುಯ್ಯಬೇಡಿ, ಮಂಡಲ ಕಚ್ಚಿದ್ರೆ ರಕ್ತ ಹೆಪ್ಪುಗಟ್ಟಲ್ಲ ಅಂದ್ನಲ್ಲ, ಕುಯ್ದ ಗಾಯ ನಿಲ್ಲಲ್ಲ. ಬಾಯಲ್ಲಿ ಹೀರೋದು ಸಿನಿಮಾದಲ್ಲಿ ಮಾತ್ರ. ಉಂಗುರ, ಬಳೆ, ಕಾಲ್ಗೆಜ್ಜೆ ಊತಕ್ಕೆ ಮುಂಚೆ ಬಿಚ್ಚಿ. ಮೂಳೆ ಮುರಿದಾಗ ದಬ್ಬೆ ಕಟ್ತಾರಲ್ಲ, ಹಂಗೆ ಕಚ್ಚಿದ ಕೈನೋ ಕಾಲನ್ನೋ ಅಲ್ಲಾಡದ ಹಾಗೆ ಸಡಿಲವಾಗಿ ಕಟ್ಟಿ, ನಡೆಸದೇ ಎತ್ಕೊಂಡು ಹೋಗಿ.

ಬೆಲ್ ಹೊಡೆದು ಎಲ್ಲರೂ ಹೋದ ಮೇಲೆ ಆರನೇ ಕ್ಲಾಸಿನ ಹುಡುಗ ಒಬ್ಬ ಬಂದ. ಅವರು ಇರೋದು ತೋಟದ ಶೆಡ್ಡಲ್ಲಿ, ಮಂಚ ಇಲ್ಲ, ಐದು ಜನ ನೆಲದ ಮೇಲೇ ಮಲಗ್ತಾರಂತೆ, ಏನು ಮಾಡೋದು ಸರ್ ಅಂದ. ಸೊಳ್ಳೆಪರದೆ ಹಾಕಿ ಅದರ ಅಂಚನ್ನ ಸುತ್ತಲೂ ಹಾಸಿಗೆ ಕೆಳಗೆ ಸಿಗಿಸ್ಕೊಂಡು ಮಲಗಿ, ಎಲ್ಲೂ ಸಂದು ಬಿಡಬೇಡಿ, ರಾತ್ರಿ ಎದ್ರೆ ಕಾಲಿಡೋ ಮುಂಚೆ ಟಾರ್ಚ್ ಹಾಕು ಅಂದೆ. ಪರದೆ ಇದೆಯಾ ಅಂತ ಕೇಳಿದ್ದಕ್ಕೆ, ಇದೆ ಸರ್, ಆದ್ರೆ ನಮ್ಮಪ್ಪ ಅದನ್ನ ಟೊಮೆಟೊ ಸಸಿಮಡಿಗೆ ಮುಚ್ಚಿದಾರೆ ಅಂದ. ಅವರಪ್ಪನ ನಂಬರ್ ಇಸ್ಕೊಂಡು ಅಲ್ಲೇ ಫೋನ್ ಮಾಡಿದೆ.